ಚಾಲಕನ ಸೀಟಿನಿಂದ ಸ್ವಂತ ಡ್ರೈವಿಂಗ್ ಶಾಲೆಗೆ: ಯಾವುದು ಮೊದಲು, ಯಾವುದು ಆಮೇಲೆ

ನನ್ನ ಭಾಮೈದ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಪಿಕಪ್ ವಾಹನಕ್ಕೆ ಚಾಲಕನಾಗಿ ಸೇರಿದ. ಆ ವರ್ಷದ ಯುಗಾದಿಗೆ ನಮ್ಮ ಮನೆಗೆ ಬಂದಾಗ, "ಭಾವ, ನಾನೂ ನಿಮ್ಮ ಹಾಗೆ ಡ್ರೈವಿಂಗ್ ಸ್ಕೂಲ್ ಹಾಕಬೇಕು, ಎಷ್ಟು ದುಡ್ಡು ಬೇಕಾಗುತ್ತದೆ?" ಎಂದು ಕೇಳಿದ. ಬೇರೊಂದು ತಾಲ್ಲೂಕಿನಲ್ಲಿ ಹದಿನಾಲ್ಕು ವರ್ಷಗಳಿಂದ ಸಣ್ಣದೊಂದು ಶಾಲೆ ನಡೆಸುತ್ತಿರುವ ನನ್ನನ್ನು ಅನೇಕ ಚಾಲಕರು ಇದೇ ಪ್ರಶ್ನೆ ಕೇಳಿದ್ದಾರೆ. ಎಲ್ಲರೂ ಹಣದಿಂದ ಆರಂಭಿಸುತ್ತಾರೆ, ಹಣ ಸ್ವಲ್ಪ ಕೂಡಿದೊಡನೆ ಕಾರು ಕೊಳ್ಳುತ್ತಾರೆ, ಆಮೇಲೆ ಅರ್ಜಿ ಹಾಕಲು ಹೋದಾಗ ತಮ್ಮ ಬಳಿ ಇರಬೇಕಾದ ಪ್ರಮಾಣಪತ್ರವೇ ಇಲ್ಲವೆಂದು ತಿಳಿಯುತ್ತದೆ. ಅಷ್ಟರಲ್ಲಿ ಕಾರಿನ ವಿಮೆ, ಸರ್ವಿಸು, ಕಂತು ಎಲ್ಲವೂ ಅವರ ಉಳಿತಾಯವನ್ನು ತಿನ್ನಲು ಶುರುಮಾಡಿರುತ್ತವೆ. ಭಾಮೈದನಿಗೆ ಶಾಲೆ ತೆರೆಯಲು ಏಳು ವರ್ಷ ಹಿಡಿಯಿತು. ಅವನು ನಡೆದ ದಾರಿಯನ್ನು, ಎಡವಿದ ಜಾಗಗಳನ್ನೂ ಸೇರಿಸಿ, ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ಅರ್ಹತೆಯನ್ನು ಕಾಗದದ ಮೇಲೆ ನೋಡಿಕೊಳ್ಳಿ

ಹಣ ಪಡೆದು ವಾಹನ ಚಾಲನೆ ಕಲಿಸಬೇಕಾದರೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 24ನೆಯ ನಿಯಮದಡಿ ಪರವಾನಗಿ ಬೇಕು. ಕಲಿಸುವವರು ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು, ಕನಿಷ್ಠ ಐದು ವರ್ಷ ವಾಹನ ಓಡಿಸಿದ ಅನುಭವವಿರಬೇಕು, ಮತ್ತು ಸರ್ಕಾರದ ಅಥವಾ ತಾಂತ್ರಿಕ ಶಿಕ್ಷಣ ಮಂಡಳಿಯ ಮಾನ್ಯತೆಯುಳ್ಳ ಸಂಸ್ಥೆಯಿಂದ ಮೋಟಾರ್ ಮೆಕ್ಯಾನಿಕ್ ತರಬೇತಿಯ ಪ್ರಮಾಣಪತ್ರವನ್ನೋ ಮೆಕ್ಯಾನಿಕಲ್ ಎಂಜಿನಿಯರಿಂಗಿನ ಅದಕ್ಕಿಂತ ಹೆಚ್ಚಿನ ಅರ್ಹತೆಯನ್ನೋ ಪಡೆದಿರಬೇಕು. ಚಾಲಕರು ಹೆಚ್ಚಾಗಿ ಮುಗ್ಗರಿಸುವುದು ಈ ಮೂರನೆಯದರಲ್ಲಿ. ಹತ್ತು ವರ್ಷ ಲಾರಿ ಓಡಿಸಿದವರಿಗೂ ಆ ಅನುಭವವು ಪ್ರಮಾಣಪತ್ರದ ಬದಲಿಗೆ ಸಲ್ಲುವುದಿಲ್ಲ, ಏಕೆಂದರೆ ನಿಯಮ ಎರಡನ್ನೂ ಕೇಳುತ್ತದೆ.

ಈ ಅರ್ಹತೆ ಅರ್ಜಿದಾರರಿಗೇ ಇರಬೇಕೆಂದಿಲ್ಲ, ಅವರು ನೇಮಿಸಿಕೊಂಡ ತರಬೇತುದಾರರಿಗೆ ಇದ್ದರೂ ಆಗುತ್ತದೆ. ಆದರೆ ಒಂದೇ ಕಾರಿನಿಂದ ಆರಂಭವಾಗುವ ಶಾಲೆಗೆ ಇನ್ನೊಬ್ಬರ ಸಂಬಳದ ಹೊರೆಯನ್ನು ಹೊರಲಾಗುವುದಿಲ್ಲ. ಅವರು ಬಿಟ್ಟುಹೋದ ದಿನ ಶಾಲೆಯೂ ನಿಲ್ಲುತ್ತದೆ. ಆದ್ದರಿಂದ ಪ್ರಮಾಣಪತ್ರವನ್ನು ನೀವೇ ಪಡೆಯುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ಭಾಮೈದನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದು ವಿಷಯ ಉಳಿದಿತ್ತು. ಮೊದಲ ವರ್ಷದಲ್ಲಿ ಅದನ್ನು ಕಟ್ಟಿ ತೇರ್ಗಡೆಯಾದ. ಮೂರನೆಯ ವರ್ಷ ಐಟಿಐಯಲ್ಲಿ ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್ ತರಬೇತಿಗೆ ಸೇರಿದ. ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ತರಬೇತಿಯೂ ಇತ್ತು, ಆದರೆ ಎರಡು ವರ್ಷ ಪೂರ್ಣ ಸಂಬಳ ಬಿಡುವ ಸ್ಥಿತಿ ಅವನದಾಗಿರಲಿಲ್ಲ. ಸೇರುವ ಮುನ್ನ ಆ ಪ್ರಮಾಣಪತ್ರವನ್ನು ಡ್ರೈವಿಂಗ್ ಶಾಲೆಯ ಪರವಾನಗಿಗೆ ಒಪ್ಪುತ್ತಾರೆಯೇ ಎಂದು ಆರ್‌ಟಿಓ ಕಚೇರಿಗೆ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ತೆಗೆದಿಟ್ಟುಕೊಂಡ. ನೀವೂ ಹೀಗೆಯೇ ಮಾಡಿ. ಬಾಯಿಮಾತಿನ ಉತ್ತರವನ್ನು ನಂಬಿ ಒಂದು ವರ್ಷವನ್ನು ಒತ್ತೆಯಿಡಬಾರದು. ಆ ವರ್ಷ ಹಗಲು ತರಗತಿ, ಸಂಜೆಯ ಮೇಲೆ ಕೊಬ್ಬರಿ ಲೋಡು. ಮಾಲೀಕರು ಅರ್ಧ ಸಂಬಳ ಕೊಟ್ಟು ಅವನನ್ನು ಉಳಿಸಿಕೊಂಡರು.

ಅನುಭವದ ದಾಖಲೆಯನ್ನೂ ಆಗಾಗಲೇ ಮಾಡಿಕೊಳ್ಳಬೇಕು. ಪ್ರತಿ ವರ್ಷದ ಕೊನೆಗೆ ಮಾಲೀಕರಿಂದ ವಾಹನದ ನೋಂದಣಿ ಸಂಖ್ಯೆ, ಕೆಲಸ ಮಾಡಿದ ಅವಧಿ ಇರುವ ಒಂದು ಪುಟದ ಪತ್ರವನ್ನು ಸಹಿ ಸಮೇತ ಪಡೆಯಿರಿ. ಕೆಲಸ ಬಿಟ್ಟು ಮೂರು ವರ್ಷದ ನಂತರ ಹೋಗಿ ಕೇಳಿದರೆ ಮಾಲೀಕರೂ ಇರಲಾರರು, ವಾಹನವೂ ಮಾರಿಹೋಗಿರಬಹುದು.

ಎರಡನೆಯ ಹೆಜ್ಜೆ: ಉಳಿತಾಯವನ್ನು ಒಡೆದು ಇಡಿ

ಎರಡನೆಯ ವರ್ಷದಲ್ಲಿ ಭಾಮೈದ 38,000 ರೂಪಾಯಿ ಕಳೆದುಕೊಂಡ. ಸ್ಟ್ಯಾಂಡಿನ ಚಾಲಕರೆಲ್ಲ ಸೇರಿಕೊಂಡಿದ್ದ ಚೀಟಿಯೊಂದಕ್ಕೆ ಅವನೂ ತಿಂಗಳು ತಿಂಗಳು ಕಟ್ಟುತ್ತಿದ್ದ. ನಡೆಸುತ್ತಿದ್ದವರು ಒಂದು ದಿನ ಊರು ಬಿಟ್ಟರು. ಅವನ ಕೈಯಲ್ಲಿದ್ದದ್ದು ಪೆನ್ಸಿಲಿನಲ್ಲಿ ಬರೆದ ಒಂದು ಸಣ್ಣ ಪುಸ್ತಕ, ಅದರಲ್ಲಿ ಮೊತ್ತಗಳಿದ್ದವು, ಸಹಿ ಇರಲಿಲ್ಲ. ಚೀಟಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ನಮ್ಮಂಥವರಿಗೆ ಅದು ಎಷ್ಟೋ ಮದುವೆಗಳನ್ನು, ಮನೆಗಳನ್ನು ಮಾಡಿಸಿಕೊಟ್ಟಿದೆ. ಆದರೆ ಚಿಟ್ ಫಂಡ್ ಕಾಯ್ದೆ, 1982ರ ಪ್ರಕಾರ ಚೀಟಿ ಆರಂಭಿಸುವ ಮೊದಲು ಪೂರ್ವಾನುಮತಿ ಪಡೆದು, ಅದನ್ನು ಚಿಟ್ ನಿಬಂಧಕರಲ್ಲಿ ನೋಂದಾಯಿಸಬೇಕು. ಸೇರುವ ಮುನ್ನ ಪೂರ್ವಾನುಮತಿಯ ಸಂಖ್ಯೆಯನ್ನು ಕೇಳಿ. ಹೇಳಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ.

ಆ ನಷ್ಟದ ನಂತರ ನಾವಿಬ್ಬರೂ ಕುಳಿತು ಹಣವನ್ನು ಹೇಗೆ ಇಡಬೇಕೆಂದು ಯೋಚಿಸಿದೆವು. ಅವನು ಅಂಚೆ ಕಚೇರಿಯ ಐದು ವರ್ಷದ ಆವರ್ತ ಠೇವಣಿಯಲ್ಲಿ, ಅಂದರೆ ಆರ್‌ಡಿಯಲ್ಲಿ, ತಿಂಗಳಿಗೆ 2,000 ರೂಪಾಯಿ ಕಟ್ಟಬೇಕೆಂದಿದ್ದ. ಒಂದೇ ಖಾತೆಯ ಬದಲು ಸಾವಿರ ಸಾವಿರದ ಎರಡು ಖಾತೆ ತೆರೆಯುವಂತೆ ಹೇಳಿದೆ. ಕಾರಣವಿದೆ. ಈ ಖಾತೆಯಲ್ಲಿ ಕಂತು ತಪ್ಪಿದರೆ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿಯಂತೆ ದಂಡ ಬೀಳುತ್ತದೆ, ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ, ಮೂರು ವರ್ಷ ತುಂಬುವವರೆಗೆ ಅವಧಿಗೆ ಮುನ್ನ ಮುಚ್ಚಲೂ ಬರುವುದಿಲ್ಲ. ಚಾಲಕನ ಆದಾಯ ಸಮನಾಗಿರುವುದಿಲ್ಲ. ಮಳೆಗಾಲದಲ್ಲಿ ಟ್ರಿಪ್ಪು ಕಡಿಮೆ, ವಾಹನ ಗ್ಯಾರೇಜಿಗೆ ಹೋದರೆ ಬಾಟಾ ಇಲ್ಲ. ಖಾತೆ ಎರಡಿದ್ದರೆ ಕಷ್ಟದ ತಿಂಗಳಲ್ಲಿ ಒಂದನ್ನಾದರೂ ಉಳಿಸಿಕೊಳ್ಳಬಹುದು. ಐಟಿಐ ಓದಿದ ವರ್ಷ ಅವನು ಎರಡನ್ನೂ ನಿಲ್ಲಿಸದೆ ಕಟ್ಟಿದ, ಒಂದು ಖಾತೆಯಲ್ಲಿ ಮಾತ್ರ ಎರಡು ಕಂತು ತಡವಾದವು.

ಸಂಬಳವನ್ನು ಮನೆಗೆ ಮತ್ತು ಆರ್‌ಡಿಗೆ, ಬಾಟಾವನ್ನು ಪೂರ್ತಿಯಾಗಿ ಶಾಲೆಗೆ ಎಂದು ಅವನು ಬೇರೆ ಮಾಡಿಕೊಂಡದ್ದು ನನಗೆ ತುಂಬ ಮೆಚ್ಚುಗೆಯಾಯಿತು. ಬಾಟಾ ದಿನದಿನವೂ ಕೈಗೆ ಬರುವ ಹಣವಾದ್ದರಿಂದ ಟೀ, ಸಿಗರೇಟು, ಸ್ಟ್ಯಾಂಡಿನ ಸಾಲಗಳಲ್ಲಿ ಕರಗಿಹೋಗುತ್ತದೆ. ಅವನು ಗಾಡಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ಇಟ್ಟುಕೊಂಡು, ಊಟದ ಖರ್ಚು ಕಳೆದು ಉಳಿದದ್ದನ್ನು ಅದರಲ್ಲಿ ಹಾಕಿ, ಪ್ರತಿ ಸೋಮವಾರ ಬ್ಯಾಂಕಿಗೆ ಕಟ್ಟುತ್ತಿದ್ದ. ವಾರಕ್ಕೆ ಸರಾಸರಿ 350 ರೂಪಾಯಿ. ನಾಲ್ಕೂವರೆ ವರ್ಷದಲ್ಲಿ ಅದೇ ಸುಮಾರು 82,000 ಆಯಿತು. ಐಟಿಐ ಮುಗಿದ ಮೇಲೆ ಸಂಬಳ ಹೆಚ್ಚಿತು. ಆಗ ಬ್ಯಾಂಕಿನಲ್ಲಿ ಇನ್ನೊಂದು ಆರ್‌ಡಿ ತೆರೆದ, ನೋಂದಾಯಿತ ಚೀಟಿಯೊಂದನ್ನು ಹಾಕಿ ಅದನ್ನು ಕೊನೆಯವರೆಗೂ ಎತ್ತದೆ ಬಿಟ್ಟ. ಎಲ್ಲ ಸೇರಿ ಏಳನೆಯ ವರ್ಷಕ್ಕೆ ನಾಲ್ಕು ಲಕ್ಷಕ್ಕೆ ಒಂದು ಸಾವಿರ ಕಡಿಮೆ ಬಂತು. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿ ಸಾಲ ಪಡೆದು ಕೊರತೆ ತುಂಬಿಕೊಂಡ. ಈ ವರ್ಗದ ಮಿತಿಯೇ ಅಷ್ಟು, ಮತ್ತು ಅವನ ಅಗತ್ಯವೂ ಅಷ್ಟೇ ಆಗಿತ್ತು.

ಮೂರನೆಯ ಹೆಜ್ಜೆ: ಜಾಗ ಮೊದಲು, ಕಾರು ನಂತರ

ಮೂರು ವರ್ಷ ತುಂಬಿದಾಗ ಅವನಿಗೆ ಒಂದು ಕಾರು ಕಣ್ಣಿಗೆ ಬಿತ್ತು. "ಒಳ್ಳೆ ಕಂಡೀಷನ್ನಿನಲ್ಲಿದೆ ಭಾವ, ಈಗಲೇ ತೆಗೆದುಕೊಂಡು ಬಾಡಿಗೆಗೆ ಓಡಿಸುತ್ತೇನೆ, ಆಮೇಲೆ ಸ್ಕೂಲಿಗೆ ಹಾಕುತ್ತೇನೆ" ಎಂದ. ಬೇಡವೆಂದೆ. ತರಬೇತಿಯ ವಾಹನ ತರಬೇತಿಗೆ ಮಾತ್ರ ಮೀಸಲಾಗಿರಬೇಕು ಎಂದು ನಿಯಮದಲ್ಲೇ ಇದೆ. ಮುಂಜಾನೆ ಕಲಿಸಿ ಮಧ್ಯಾಹ್ನ ಬಾಡಿಗೆಗೆ ಬಿಡುವ ಲೆಕ್ಕಾಚಾರ ಪರವಾನಗಿಗೇ ಕುತ್ತು ತರುತ್ತದೆ. ಮೇಲಾಗಿ ಕಾರು ನಿಂತಲ್ಲೇ ಬೆಲೆ ಕಳೆದುಕೊಳ್ಳುವ ವಸ್ತು. ಅದನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕು.

ಜಾಗದ ವಿಷಯದಲ್ಲಿ ಎರಡು ಸಂಗತಿಗಳನ್ನು ನೋಡಿ. ತರಗತಿ ನಡೆಸಲು, ಮಾದರಿಗಳನ್ನು ತೋರಿಸಲು ಸ್ಥಳವಿರಬೇಕು, ವಾಹನ ನಿಲ್ಲಿಸಲು ಸಾಕಷ್ಟು ಜಾಗವಿರಬೇಕು. ರಸ್ತೆಬದಿಯಲ್ಲಿ ನಿಲ್ಲಿಸುತ್ತೇನೆಂದರೆ ಅದು ಜಾಗವಲ್ಲ. ಎರಡನೆಯದಾಗಿ, ಜಾಗ ಅರ್ಜಿದಾರರ ಸ್ವಂತದ್ದಾಗಿರಬೇಕು ಅಥವಾ ಬಾಡಿಗೆಯ ಕರಾರು ಅರ್ಜಿದಾರರ ಹೆಸರಿನಲ್ಲೇ ಇರಬೇಕು. ಭಾಮೈದನ ಅರ್ಜಿ ಮೊದಲ ಸಲ ಹಿಂದೆ ಬಂದದ್ದು ಇದೇ ಕಾರಣಕ್ಕೆ. ಕಟ್ಟಡದ ಮಾಲೀಕರಿಗೆ ನಮ್ಮ ಮಾವನವರ ಪರಿಚಯವಿದ್ದುದರಿಂದ ಕರಾರನ್ನು ಮಾವನವರ ಹೆಸರಿನಲ್ಲಿ ಮಾಡಿಸಿದ್ದರು. ಹೊಸ ಛಾಪಾ ಕಾಗದದ ಮೇಲೆ ಮತ್ತೆ ಬರೆಸಿ ಸಲ್ಲಿಸುವಷ್ಟರಲ್ಲಿ ಮೂರು ವಾರ ಹೋಯಿತು, ಆ ಮೂರು ವಾರವೂ ಬಾಡಿಗೆ ಓಡುತ್ತಿತ್ತು.

ತರಗತಿಯ ಸಲಕರಣೆಗಳನ್ನು ನಿಯಮ ಹೆಸರಿಸಿಯೇ ಹೇಳುತ್ತದೆ: ಕಪ್ಪು ಹಲಗೆ, ಸಂಚಾರ ಚಿಹ್ನೆಗಳ ಮತ್ತು ಪೊಲೀಸ್ ಸನ್ನೆಗಳ ಚಾರ್ಟುಗಳು, ರಸ್ತೆಯ ಮಾದರಿ ಹಲಗೆ, ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಶೂ ಮತ್ತು ಡ್ರಮ್, ಪಂಕ್ಚರ್ ಕಿಟ್, ಜಾಕ್, ಗಾಳಿಯ ಒತ್ತಡ ನೋಡುವ ಗೇಜ್, ಸ್ಪ್ಯಾನರುಗಳು, ಬೆಂಚು ಮತ್ತು ಮೇಜು, ಪುಸ್ತಕಗಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಎಂಜಿನ್ನು ಮತ್ತು ಗೇರ್‌ಬಾಕ್ಸನ್ನು ಹೊಸದಾಗಿ ಕೊಳ್ಳಬೇಡಿ. ಭಾಮೈದ ಗುಜರಿಯಿಂದ ಹಳೆಯ ಎಂಜಿನ್ ತಂದು, ಐಟಿಐಯಲ್ಲಿ ಕಲಿತ ಕೈಯಿಂದಲೇ ಅದನ್ನು ಒಂದು ಬದಿಗೆ ಕತ್ತರಿಸಿ, ಪಿಸ್ಟನ್ ಮೇಲೆ ಕೆಳಗೆ ಓಡುವುದು ಕಾಣುವಂತೆ ಮಾಡಿ, ಭಾಗಗಳಿಗೆ ಬೇರೆ ಬೇರೆ ಬಣ್ಣ ಬಳಿದ. ಕಲಿಯಲು ಬರುವವರು ಇಂದಿಗೂ ಮೊದಲು ಅದರ ಮುಂದೆ ನಿಲ್ಲುತ್ತಾರೆ.

ಕಾರು, ಎರಡನೆಯ ಪೆಡಲು ಮತ್ತು ವಿಮೆ

ಎಂಟು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರನ್ನು ಅವನು 2,35,000 ರೂಪಾಯಿಗೆ ಕೊಂಡ. ಕಲಿಸುವ ಕಾರಿಗೆ ವೇಗ ಬೇಕಿಲ್ಲ, ಕ್ಲಚ್ ಮತ್ತು ಬಿಡಿಭಾಗಗಳು ಊರಿನಲ್ಲೇ ಸಿಗಬೇಕು, ಮುಂದಿನ ಗಾಜಿನಿಂದ ಬಾನೆಟ್ಟಿನ ಅಂಚು ಕಾಣಬೇಕು.

ಬೈಕನ್ನು ಬಿಟ್ಟು ಉಳಿದೆಲ್ಲ ತರಬೇತಿ ವಾಹನಗಳಿಗೆ ತರಬೇತುದಾರರು ನಿಯಂತ್ರಿಸಿ ನಿಲ್ಲಿಸಲು ಆಗುವಂಥ ಜೋಡಿ ನಿಯಂತ್ರಣ ಕಡ್ಡಾಯ. ಎಡಗಡೆ ಕುಳಿತವರ ಕಾಲಿನ ಬಳಿ ಇರುವ ಕ್ಲಚ್ ಮತ್ತು ಬ್ರೇಕ್ ಪೆಡಲುಗಳನ್ನೇ ನಾವು ಡ್ಯುಯಲ್ ಕಂಟ್ರೋಲ್ ಎನ್ನುವುದು. ಅಳವಡಿಸಿದ ಮೇಲೆ ಪರೀಕ್ಷಿಸುವ ವಿಧಾನ ಹೀಗಿದೆ: ಖಾಲಿ ಮೈದಾನದಲ್ಲಿ ಪರಿಚಯದ ಚಾಲಕರೊಬ್ಬರನ್ನು ಸ್ಟೀರಿಂಗಿನ ಹಿಂದೆ ಕೂರಿಸಿ, ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಓಡಿಸಿ, ಅವರ ಕಾಲುಗಳನ್ನು ಪೆಡಲಿನಿಂದ ಪೂರ್ತಿ ತೆಗೆಸಿ, ನೀವು ಎಡಗಡೆಯಿಂದ ಬ್ರೇಕ್ ಒತ್ತಿ. ಕಾರು ಒಂದು ಬದಿಗೆ ಎಳೆಯದೆ ನೇರವಾಗಿ ನಿಲ್ಲಬೇಕು. ಪೆಡಲು ನೆಲಕ್ಕೆ ತಾಗುವವರೆಗೆ ಹೋಗಿ ಆಮೇಲೆ ಹಿಡಿಯುತ್ತಿದ್ದರೆ ಕೇಬಲ್ಲೋ ರಾಡೋ ಸಡಿಲವಾಗಿದೆ ಎಂದರ್ಥ. ಅಂಥ ಕಾರಿನಲ್ಲಿ ಕಲಿಯುವವರನ್ನು ಕೂರಿಸಬೇಡಿ. ಭಾಮೈದ ಪ್ರತಿದಿನ ಬೆಳಿಗ್ಗೆ ಆರಕ್ಕೆ ಮುಂಚೆ ಎಡಗಡೆಯ ಸೀಟಿನಲ್ಲಿ ಕುಳಿತು, ಕಣ್ಣು ಮುಚ್ಚಿ, ಎರಡೂ ಪೆಡಲನ್ನು ಮೂರು ಮೂರು ಸಲ ಒತ್ತಿ ನೋಡುತ್ತಾನೆ. ಸಡಿಲವಾಗಿರುವುದು ಕಾಲಿಗೆ ಬೇಗ ತಿಳಿಯುತ್ತದೆ ಎಂದು ಅವನು ಹೇಳುವುದು ನಿಜ.

ವಿಮೆಯಲ್ಲಿ ದಯವಿಟ್ಟು ಅಡ್ಡದಾರಿ ಹಿಡಿಯಬೇಡಿ. ಸಾಮಾನ್ಯ ಖಾಸಗಿ ಕಾರಿನ ವಿಮೆ ಹಣ ಪಡೆದು ನಡೆಸುವ ಬಳಕೆಯನ್ನು ಒಳಗೊಳ್ಳುವುದಿಲ್ಲ. ಚಾಲನೆ ಕಲಿಸಲು ಬಳಸುವುದಾಗಿ, ಜೋಡಿ ಪೆಡಲು ಅಳವಡಿಸಿರುವುದಾಗಿ ಕಂಪನಿಗೆ ತಿಳಿಸಿ, ಪಾಲಿಸಿಯಲ್ಲೇ ಅದನ್ನು ಬರೆಸಿಕೊಳ್ಳಿ. ಕಂತು ಸ್ವಲ್ಪ ಹೆಚ್ಚುತ್ತದೆ. ಹೆಚ್ಚದಿದ್ದರೆ ಬರೆದುಕೊಂಡಿಲ್ಲವೇನೋ ಎಂದು ಅನುಮಾನಿಸಿ ಪಾಲಿಸಿಯನ್ನು ಓದಿ. ಎಲ್ ಫಲಕ ಹಿಂದೆ ಮುಂದೆ ಎರಡೂ ಕಡೆ ಇರಬೇಕು. ಬಿಳಿಯ ಮೇಲೆ ಕೆಂಪು ಅಕ್ಷರ, ಫಲಕ ಕನಿಷ್ಠ 18 ಸೆಂಟಿಮೀಟರ್ ಚೌಕ, ಅಕ್ಷರದ ಎತ್ತರ ಕನಿಷ್ಠ 10 ಸೆಂಟಿಮೀಟರ್.

ಇಷ್ಟಾದ ಮೇಲೆ ನಮೂನೆ 12ರಲ್ಲಿ ಅರ್ಜಿ. ಕೇಂದ್ರ ನಿಯಮದ ಶುಲ್ಕ 10,000 ರೂಪಾಯಿ. ಮೋಟಾರು ವಾಹನ ನಿರೀಕ್ಷಕರು ಬಂದು ಜಾಗ, ಸಲಕರಣೆ, ವಾಹನ ಎಲ್ಲವನ್ನೂ ನೋಡುತ್ತಾರೆ. ಪರವಾನಗಿ ನಮೂನೆ 11ರಲ್ಲಿ ಬರುತ್ತದೆ. ಅವನಿಗೆ ಎಲ್ಲ ಸೇರಿ ಹತ್ತು ವಾರ ಹಿಡಿಯಿತು, ಪರವಾನಗಿ ಕೈಗೆ ಬರುವವರೆಗೂ ಅವನು ಪಿಕಪ್ ಕೆಲಸ ಬಿಡಲಿಲ್ಲ. ಒಂದು ಎಕರೆ ಜಾಗ, ಸಿಮ್ಯುಲೇಟರ್ ಇರಬೇಕೆಂದು ಯಾರಾದರೂ ಹೆದರಿಸಿದರೆ, ಅದು 2021ರಲ್ಲಿ ಬಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ. ಅಲ್ಲಿ ಕಲಿತವರಿಗೆ ಆರ್‌ಟಿಓ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ನಿಮ್ಮ ಸಣ್ಣ ಶಾಲೆಯಲ್ಲಿ ಕಲಿತವರು ಪರೀಕ್ಷೆ ಕೊಡಲೇಬೇಕು, ಅದನ್ನು ಸೇರುವ ದಿನವೇ ಅವರಿಗೆ ತಿಳಿಸಿ.

ನಾಲ್ಕನೆಯ ಹೆಜ್ಜೆ: ಒಂದು ಕಾರಿನ ದಿನವನ್ನು ಲೆಕ್ಕ ಹಾಕಿ

ಖಾಸಗಿ ಬಳಕೆಯ ವಾಹನ ಕಲಿಯುವವರಿಗೆ ತರಬೇತಿ 21 ದಿನಕ್ಕೆ ಕಡಿಮೆ ಇರಬಾರದು, ಅದರಲ್ಲಿ ಸ್ಟೀರಿಂಗ್ ಹಿಡಿದು ಓಡಿಸುವ ಸಮಯ ಹತ್ತು ಗಂಟೆಗೆ ಕಡಿಮೆ ಇರಬಾರದು. ಅಂದರೆ ದಿನಕ್ಕೆ ಸುಮಾರು ಅರ್ಧ ಗಂಟೆ. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಏಳು ಗಂಟೆಯವರೆಗೆ ಕಾರು ಓಡಿದರೆ ಹದಿನಾಲ್ಕು ಅರ್ಧ ಗಂಟೆಗಳು ಸಿಗುತ್ತವೆ. ಒಬ್ಬರು ಇಳಿದು ಇನ್ನೊಬ್ಬರು ಹತ್ತುವ ಹೊತ್ತು ಕಳೆದರೆ ಹನ್ನೆರಡು ಜನರಿಗಿಂತ ಹೆಚ್ಚಿನವರಿಗೆ ಏಕಕಾಲದಲ್ಲಿ ಪ್ರಾಮಾಣಿಕವಾಗಿ ಕಲಿಸಲಾಗುವುದಿಲ್ಲ. ಒಂದೇ ಕಾರಿನಲ್ಲಿ ಇಪ್ಪತ್ತು ಜನರನ್ನು ಸೇರಿಸಿಕೊಳ್ಳುವವರು ಹತ್ತು ನಿಮಿಷ ಓಡಿಸಿ ಉಳಿದ ಹೊತ್ತು ಹಿಂದಿನ ಸೀಟಿನಲ್ಲಿ ಕೂರಿಸುತ್ತಾರೆ. ಅದು ಕಲಿಯಲು ಬಂದವರಿಗೆ ಮಾಡುವ ಮೋಸ, ಮುಂದೆ ರಸ್ತೆಯಲ್ಲಿ ಅವರ ಎದುರಿಗೆ ಬರುವವರಿಗೂ ಮಾಡುವ ಮೋಸ.

ರಾಜ್ಯದಲ್ಲಿ 2024ರ ಜನವರಿಯಿಂದ ಕಾರು ತರಬೇತಿಗೆ ನಿಗದಿಯಾದ ಶುಲ್ಕ 7,000 ರೂಪಾಯಿ. ಒಬ್ಬರಿಗೆ 21 ದಿನದಲ್ಲಿ ಪೆಟ್ರೋಲಿಗೆ 1,300, ಕ್ಲಚ್ ಮತ್ತು ಟೈರ್ ಸವೆತಕ್ಕೆ 500 ತೆಗೆದರೆ ಭಾಮೈದನಿಗೆ ಉಳಿಯುವುದು 5,200. ಬಾಡಿಗೆ, ವಿಮೆಯ ತಿಂಗಳ ಪಾಲು, ಸಾಲದ ಕಂತು, ಮನೆಗೆ ಕೊಡಬೇಕಾದ ಹಣ ಎಲ್ಲ ಸೇರಿ ಅವನ ತಿಂಗಳ ಖರ್ಚು 27,000. ಹಾಗಾಗಿ ತಿಂಗಳಿಗೆ ಆರು ಜನ ಬಂದರೆ ಮಾತ್ರ ಕೈಯಿಂದ ಹಾಕುವುದು ತಪ್ಪುತ್ತದೆ. ಮೊದಲ ತಿಂಗಳು ಬಂದವರು ಮೂವರು, ಎರಡನೆಯ ತಿಂಗಳು ಇಬ್ಬರು, ಮುಂದಿನ ಎರಡು ತಿಂಗಳು ನಾಲ್ಕು ನಾಲ್ಕು ಜನ. ಆ ನಾಲ್ಕು ತಿಂಗಳಲ್ಲಿ ಕೊರತೆ 40,400 ರೂಪಾಯಿ ಬಿತ್ತು. ಐದನೆಯ ತಿಂಗಳು ಆರು ಜನರಾದರು. ಅವನು ಶಾಲೆಗೆ 3,60,000 ಖರ್ಚು ಮಾಡಿ, ಸುಮಾರು 90,000 ರೂಪಾಯಿಯನ್ನು ಮುಟ್ಟದೆ ಉಳಿಸಿಕೊಂಡಿದ್ದರಿಂದ ಆ ನಾಲ್ಕು ತಿಂಗಳನ್ನು ದಾಟಿದ. ಅದೇ ಹಣದಲ್ಲಿ ಇನ್ನೂ ಚೆಂದದ ಕಾರು ತೆಗೆದುಕೊಂಡಿದ್ದರೆ ಎರಡನೆಯ ತಿಂಗಳಿನಲ್ಲಿ ಕಾರನ್ನೇ ಮಾರಬೇಕಾಗುತ್ತಿತ್ತು.

ಕಲಿಸುವ ಕಾರಿನ ಕ್ಲಚ್ ಬೇಗ ಸವೆಯುತ್ತದೆ, ಅವನದು ಹನ್ನೊಂದು ತಿಂಗಳಿಗೇ ಹೋಯಿತು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ಕಾರು ಮಾತ್ರ ಏರದಿದ್ದರೆ, ದಿಬ್ಬದಲ್ಲಿ ಸುಟ್ಟ ವಾಸನೆ ಬಂದರೆ ಪ್ಲೇಟು ಮುಗಿದಿದೆ ಎಂದು ತಿಳಿಯಿರಿ. ಎರಡು ದಿನ ಕಾರು ಗ್ಯಾರೇಜಿನಲ್ಲಿದ್ದರೆ ಆ ಎರಡು ದಿನವನ್ನು ಪ್ರತಿಯೊಬ್ಬರಿಗೂ ಮುಂದಕ್ಕೆ ಸೇರಿಸಿ ಕೊಡಬೇಕು.

ಐದನೆಯ ಹೆಜ್ಜೆ: ಎರಡು ರಿಜಿಸ್ಟರುಗಳು

ನಮೂನೆ 14ರಲ್ಲಿ ಕಲಿಯುವವರ ಪಟ್ಟಿ, ನಮೂನೆ 15ರಲ್ಲಿ ಪ್ರತಿಯೊಬ್ಬರೂ ಓಡಿಸಿದ ಗಂಟೆಗಳ ಲೆಕ್ಕ ಇರಬೇಕು. ತರಬೇತಿ ಮುಗಿಸಿದವರಿಗೆ ನಮೂನೆ 5ರಲ್ಲಿ ಪ್ರಮಾಣಪತ್ರ ಕೊಡಬೇಕು. ತಿಂಗಳ ಕೊನೆಗೆ ಒಟ್ಟಿಗೆ ಕುಳಿತು ತುಂಬಿಸಿದ ರಿಜಿಸ್ಟರು ನೋಡಿದೊಡನೆ ತಿಳಿಯುತ್ತದೆ, ಎಲ್ಲ ಸಾಲುಗಳಲ್ಲೂ ಒಂದೇ ಪೆನ್ನು, ಒಂದೇ ಬಗೆಯ ಸಹಿ, ಕಾರು ಗ್ಯಾರೇಜಿನಲ್ಲಿದ್ದ ದಿನವೂ ಅರ್ಧ ಗಂಟೆ ಓಡಿದ ಲೆಕ್ಕ. ಭಾಮೈದ ರಿಜಿಸ್ಟರನ್ನು ಕಾರಿನಲ್ಲೇ ಇಟ್ಟುಕೊಂಡು, ಇಳಿಯುವ ಮುನ್ನ ಕಲಿಯುವವರಿಂದ ಸಹಿ ಹಾಕಿಸಿಕೊಳ್ಳುತ್ತಾನೆ. ಒಮ್ಮೆ ಶಾಲಾ ಶಿಕ್ಷಕಿಯೊಬ್ಬರು ಮಳೆಯಿಂದಾಗಿ ಮೂರು ದಿನ ಬಂದಿರಲಿಲ್ಲ. ಇಪ್ಪತ್ತೊಂದನೆಯ ದಿನ ಪ್ರಮಾಣಪತ್ರ ಕೇಳಿದಾಗ ಅವನು ರಿಜಿಸ್ಟರು ತೆರೆದು, "ಮೇಡಂ, ಇನ್ನೂ ಒಂದೂವರೆ ಗಂಟೆ ಬಾಕಿ ಇದೆ, ಅದನ್ನು ಮುಗಿಸಿ ಕೊಡುತ್ತೇನೆ" ಎಂದ. ಅವರು ಮೂರು ಬೆಳಿಗ್ಗೆ ಹೆಚ್ಚಿಗೆ ಬಂದರು, ಆ ಮೂರು ದಿನವೂ ರೈಲ್ವೆ ಗೇಟಿನ ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಎತ್ತುವುದನ್ನೇ ಅಭ್ಯಾಸ ಮಾಡಿದರು.

ಪರವಾನಗಿಯ ಅವಧಿ ಐದು ವರ್ಷ. ನವೀಕರಣಕ್ಕೆ ನಮೂನೆ 13ರಲ್ಲಿ, ಅವಧಿ ಮುಗಿಯಲು ಅರವತ್ತು ದಿನಕ್ಕೆ ಕಡಿಮೆಯಿಲ್ಲದಂತೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು. ಜಾಗ ಬದಲಾಯಿಸುವುದಾದರೆ ಮೊದಲೇ ಅನುಮತಿ ಪಡೆಯಬೇಕು. ಭಾಮೈದ ಆ ದಿನಾಂಕವನ್ನು ಬಾಟಾ ಹಣದ ಲೆಕ್ಕ ಬರೆಯುತ್ತಿದ್ದ ಹಳೆಯ ಪುಸ್ತಕದ ರಟ್ಟಿನ ಮೇಲೆ ಬರೆದಿಟ್ಟಿದ್ದಾನೆ. ಒಳಗಿನ ಪುಟಗಳಲ್ಲಿ ಈಗ ಎರಡನೆಯ ಕಾರಿಗೆ ತೆರೆದ ಹೊಸ ಆರ್‌ಡಿಯ ಕಂತುಗಳಿವೆ.